ಐದಕ್ಕೆ ಮೂರು, ಆರಕ್ಕೆ ಎರಡು

ಎರಡು ಸಣ್ಣ ಸರ್ಕ್ಯೂಟುಗಳನ್ನು ತೆಗೆದುಕೊಳ್ಳೋಣ. ಮೊದಲನೆಯದು ಐದು ಮತಗಳನ್ನು ನೋಡಿ ಬಹುಮತ ಯಾವ ಕಡೆಗಿದೆ ಎಂದು ಹೇಳುತ್ತದೆ. ಐದರಲ್ಲಿ ಕನಿಷ್ಠ ಮೂರು ‘ಹೌದು’ ಬಂದರೆ ಉತ್ತರ 1, ಇಲ್ಲದಿದ್ದರೆ 0. ವಿಕಿರಣದ ಹೊಡೆತಕ್ಕೆ ಸಿಕ್ಕುವ ಕಡೆ ಒಂದೇ ಲೆಕ್ಕವನ್ನು ಹಲವು ಪ್ರತಿಗಳಲ್ಲಿ ಮಾಡಿಸಿ, ಬಂದ ಉತ್ತರಗಳನ್ನು ಮತಕ್ಕೆ ಹಾಕುವ ರೂಢಿಯಿದೆ. ಐದು ಪ್ರತಿಗಳಿದ್ದರೆ ಎರಡು ಕೆಟ್ಟರೂ ಸರಿಯಾದ ಉತ್ತರವೇ ಹೊರಬರುತ್ತದೆ.

ಎರಡನೆಯ ಸರ್ಕ್ಯೂಟಿಗೆ ನಾಲ್ಕು ಸಂಕೇತಗಳು ಬರುತ್ತವೆ. ಅವುಗಳಲ್ಲಿ ನಾವು ಕೇಳಿದ್ದನ್ನು ಮಾತ್ರ ಅದು ಹೊರಗೆ ಬಿಡುತ್ತದೆ. ಯಾವುದು ಬೇಕೆಂದು ತಿಳಿಸಲು ಇನ್ನೂ ಎರಡು ತಂತಿ ಬೇಕು. ಹಾಗಾಗಿ ಒಟ್ಟು ಆರು ಇನ್‌ಪುಟ್. ಇದಕ್ಕೆ ಮಲ್ಟಿಪ್ಲೆಕ್ಸರ್ ಎಂದು ಹೆಸರು.

ಇವೆರಡನ್ನೂ ಎಫ್‌ಪಿಜಿಎ ಎಂಬ ಚಿಪ್ಪಿನಲ್ಲಿ ಕೂರಿಸಬೇಕು. ಆ ಚಿಪ್ಪಿನಲ್ಲಿ ಸಿಗುವ ಸಾಮಗ್ರಿ ಒಂದೇ ಬಗೆಯದು: ನಾಲ್ಕು ಇನ್‌ಪುಟ್, ಒಂದು ಔಟ್‌ಪುಟ್ ಇರುವ ಪುಟ್ಟ ಕೋಷ್ಟಕ. ಯಾವ ಸರ್ಕ್ಯೂಟಿಗೆ ಹೆಚ್ಚು ಕೋಷ್ಟಕ ಬೇಕು? ಇನ್‌ಪುಟ್ ಹೆಚ್ಚಿರುವುದಕ್ಕೆ ಎಂದು ತೋರುವುದು ಸಹಜ. ಆದರೆ ಐದು ಇನ್‌ಪುಟ್ಟಿನ ಬಹುಮತಕ್ಕೆ ಮೂರು ಕೋಷ್ಟಕ ಬೇಕೇ ಬೇಕು, ಆರು ಇನ್‌ಪುಟ್ಟಿನ ಮಲ್ಟಿಪ್ಲೆಕ್ಸರಿಗೆ ಎರಡೇ ಸಾಕು. ಇದು ಏಕೆ ಹೀಗೆ ಎಂಬುದು ತಿಳಿದರೆ ಎಫ್‌ಪಿಜಿಎ ಒಳಗಿನ ಎಣಿಕೆಯ ತಿರುಳೇ ತಿಳಿದ ಹಾಗೆ.

ಹದಿನಾರು ಮನೆಗಳ ಕೋಷ್ಟಕ

ಸಾಮಾನ್ಯ ಡಿಜಿಟಲ್ ಚಿಪ್ಪಿನಲ್ಲಿ ಆಂಡ್, ಆರ್, ನಾಟ್ ಮುಂತಾದ ಗೇಟುಗಳನ್ನು ಸಿಲಿಕಾನಿನಲ್ಲಿ ಕೆತ್ತಿರುತ್ತಾರೆ. ಒಮ್ಮೆ ಕೆತ್ತಿದ ಮೇಲೆ ಬದಲಾವಣೆ ಇಲ್ಲ. ಎಫ್‌ಪಿಜಿಎ ಚಿಪ್ಪನ್ನು ಕೊಂಡವರು ತಮ್ಮ ಮೇಜಿನ ಮೇಲೆಯೇ ಅದಕ್ಕೆ ಬೇಕಾದ ರೂಪ ಕೊಡಬಹುದು, ನಾಳೆ ಮತ್ತೊಂದು ರೂಪಕ್ಕೆ ತಿರುಗಿಸಲೂಬಹುದು. ಇದು ಸಾಧ್ಯವಾಗುವುದು ಲುಕ್‌ಅಪ್ ಟೇಬಲ್‌ನಿಂದ. ಎಂಜಿನಿಯರುಗಳ ಬಾಯಲ್ಲಿ ಇದು ‘ಲಟ್’.

ಲಟ್ ಲೆಕ್ಕ ಮಾಡುವುದಿಲ್ಲ. ಏಳೆಂಟಲ ಎಷ್ಟು ಎಂದು ಕೇಳಿದರೆ ಮಗ್ಗಿ ಬಾಯಿಪಾಠ ಇರುವ ಮಗು ಎಂಟನ್ನು ಏಳು ಸಲ ಕೂಡಿಸಲು ಕೂರದೆ ಐವತ್ತಾರು ಎಂದುಬಿಡುತ್ತದೆ. ಲಟ್ ಕೂಡ ಹಾಗೆಯೇ. ನಾಲ್ಕು ಇನ್‌ಪುಟ್ಟುಗಳಲ್ಲಿ ಪ್ರತಿಯೊಂದೂ 0 ಅಥವಾ 1 ಆಗಿರಬಹುದಾದ್ದರಿಂದ ಒಟ್ಟು ಹದಿನಾರು ಸಂದರ್ಭಗಳಿವೆ. ಲಟ್‌ನೊಳಗೆ ಹದಿನಾರು ಮನೆಗಳಿವೆ, ಪ್ರತಿ ಮನೆಯಲ್ಲೂ ಒಂದು ಬಿಟ್. ಇನ್‌ಪುಟ್ಟುಗಳು ಮನೆಯ ಸಂಖ್ಯೆ ಹೇಳುತ್ತವೆ, ಆ ಮನೆಯಲ್ಲಿ ಬರೆದಿಟ್ಟ ಬಿಟ್ ಹೊರಗೆ ಬರುತ್ತದೆ. ಆ ಹದಿನಾರು ಬಿಟ್‌ಗಳನ್ನು ಬೇರೆ ಬೇರೆ ರೀತಿ ತುಂಬಿ 65,536 ಬಗೆಯ ಕೋಷ್ಟಕ ಮಾಡಬಹುದು. ನಾಲ್ಕು ಇನ್‌ಪುಟ್ಟಿನ ಬೂಲಿಯನ್ ಫಂಕ್ಷನ್‌ಗಳು ಇರುವುದೂ ಅಷ್ಟೇ. ಅಂದರೆ ಅವುಗಳಲ್ಲಿ ಯಾವುದನ್ನು ಕೊಟ್ಟರೂ ಒಂದು ಲಟ್ ಅದನ್ನು ಮಾಡಿ ತೋರಿಸುತ್ತದೆ.

ಇಲ್ಲಿ ಕಾಲೇಜಿನಲ್ಲಿ ಕಲಿತ ಒಂದು ಅಭ್ಯಾಸವನ್ನು ಬಿಡಬೇಕಾಗುತ್ತದೆ. ಕಾರ್ನೋ ನಕ್ಷೆ ಬರೆದು, ಪಕ್ಕಪಕ್ಕದ ಒಂದುಗಳನ್ನು ಗುಂಪು ಕಟ್ಟಿ, ಗೇಟುಗಳನ್ನು ಕಡಿಮೆ ಮಾಡುವುದನ್ನು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳೆಲ್ಲ ಕಲಿಯುತ್ತಾರೆ. ನಾಲ್ಕು ಇನ್‌ಪುಟ್ಟಿನ ಎಕ್ಸ್‌ಆರ್ ಆ ನಕ್ಷೆಗೆ ಬಗ್ಗುವುದಿಲ್ಲ. ಅದರ ಎಂಟು ಒಂದುಗಳಲ್ಲಿ ಯಾವ ಎರಡೂ ಅಕ್ಕಪಕ್ಕ ಬರುವುದಿಲ್ಲ, ಹಾಗಾಗಿ ಸಮೀಕರಣ ಚಿಕ್ಕದಾಗುವುದಿಲ್ಲ. ನಾಲ್ಕು ಇನ್‌ಪುಟ್ಟಿನ ಆಂಡ್ ಒಂದೇ ಪದದಲ್ಲಿ ಮುಗಿಯುತ್ತದೆ. ಗೇಟಿನ ಲೆಕ್ಕದಲ್ಲಿ ಇವೆರಡಕ್ಕೂ ಅಜಗಜಾಂತರ. ಲಟ್‌ಗೆ ಎರಡೂ ಒಂದೇ, ಎರಡರದೂ ಬೆಲೆ ಒಂದು ಲಟ್. ಒಳಗಿನ ಲೆಕ್ಕ ಎಷ್ಟು ಜಟಿಲ ಎಂಬುದು ಇಲ್ಲಿ ಗಣನೆಗೇ ಬರುವುದಿಲ್ಲ. ಒಳಗೆ ಎಷ್ಟು ತಂತಿ ಬರುತ್ತವೆ ಎಂಬುದಷ್ಟೇ ಮುಖ್ಯ.

ನಾಲ್ಕೇ ಇನ್‌ಪುಟ್ ಏಕೆ? ಇನ್‌ಪುಟ್ ಒಂದು ಹೆಚ್ಚಿದರೆ ಮನೆಗಳು ಇಮ್ಮಡಿಯಾಗುತ್ತವೆ: ಐದಕ್ಕೆ 32, ಆರಕ್ಕೆ 64. ಇನ್‌ಪುಟ್ ತೀರಾ ಕಡಿಮೆಯಾದರೆ ಲಟ್‌ಗಳ ಸಂಖ್ಯೆ ಏರಿ, ಅವುಗಳನ್ನು ಜೋಡಿಸುವ ತಂತಿಗಳೇ ಚಿಪ್ಪನ್ನು ತುಂಬಿಬಿಡುತ್ತವೆ. ಸೈಲಿಂಕ್ಸ್ ಕಂಪನಿ 1985ರಲ್ಲಿ ಹೊರತಂದ ಮೊದಲ ಎಫ್‌ಪಿಜಿಎ ಎಕ್ಸ್‌ಸಿ2064ರಲ್ಲಿ 64 ಲಾಜಿಕ್ ಬ್ಲಾಕುಗಳಿದ್ದವು, ಪ್ರತಿ ಬ್ಲಾಕೂ ನಾಲ್ಕು ಇನ್‌ಪುಟ್ಟಿನ ಫಂಕ್ಷನ್ ಒಂದನ್ನು ಹೊರಬಲ್ಲದಾಗಿತ್ತು. 1990ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಜೊನಾಥನ್ ರೋಸ್ ಮತ್ತು ಸಂಗಡಿಗರು ಬೇರೆ ಬೇರೆ ಗಾತ್ರಗಳನ್ನು ಹೋಲಿಸಿ, ಚಿಪ್ಪಿನ ಜಾಗದ ದೃಷ್ಟಿಯಿಂದ ನಾಲ್ಕರ ಆಸುಪಾಸೇ ಒಳ್ಳೆಯದು ಎಂದು ತೋರಿಸಿದರು. ಮುಂದೆ ವೇಗದ ಬೇಡಿಕೆ ಹೆಚ್ಚಿ ದೊಡ್ಡ ಚಿಪ್ಪುಗಳು ಆರು ಇನ್‌ಪುಟ್ಟಿಗೆ ಹೋದವು. ಸಣ್ಣ, ಅಗ್ಗದ ಚಿಪ್ಪುಗಳಲ್ಲಿ ನಾಲ್ಕು ಇನ್‌ಪುಟ್ಟಿನ ಲಟ್ ಇಂದಿಗೂ ಇದೆ. ಲ್ಯಾಟಿಸ್ ಕಂಪನಿಯ ಐಸ್40 ಸರಣಿ ಅಂಥದ್ದು. ಅದರ ಎಚ್‌ಎಕ್ಸ್1ಕೆ ಚಿಪ್ಪಿನಲ್ಲಿ 1280 ಲಟ್‌ಗಳಿವೆ.

ಕೆಳಮಿತಿ ಕಂಡುಕೊಳ್ಳುವ ಬಗೆ

ನಕ್ಷೆ ಬರೆಯುವ ಮೊದಲೇ ‘ಇದಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ’ ಎನ್ನುವ ಒಂದು ಗೆರೆ ಎಳೆದುಕೊಳ್ಳಬಹುದು. ನಮ್ಮ ಫಂಕ್ಷನ್ನಿಗೆ n ಇನ್‌ಪುಟ್, ಒಂದು ಔಟ್‌ಪುಟ್ ಇದೆ ಎಂದುಕೊಳ್ಳಿ. m ಲಟ್ ಬಳಸಿದರೆ ಒಟ್ಟು 4m ಕಾಲುಗಳು ಸಿಗುತ್ತವೆ. ಕೊನೆಯ ಲಟ್‌ನ ಉತ್ತರ ಹೊರಗೆ ಹೋಗುತ್ತದೆ. ಉಳಿದ m−1 ಲಟ್‌ಗಳ ಉತ್ತರ ಬೇರೆ ಯಾವುದಾದರೂ ಲಟ್‌ನ ಕಾಲಿಗೆ ಸೇರಲೇಬೇಕು, ಇಲ್ಲದಿದ್ದರೆ ಆ ಲಟ್ ಇದ್ದೂ ಪ್ರಯೋಜನವಿಲ್ಲ. ಹೀಗೆ m−1 ಕಾಲುಗಳು ಒಳಗಿನ ಜೋಡಣೆಗೇ ಖರ್ಚಾಗುತ್ತವೆ. ಉಳಿದ ಕಾಲುಗಳಲ್ಲಿ n ಇನ್‌ಪುಟ್ಟುಗಳೂ ಒಂದೊಂದು ಸಲವಾದರೂ ಕೂರಬೇಕು. ಅಲ್ಲಿಗೆ ಲೆಕ್ಕ ಇಷ್ಟು:

```
4m − (m − 1) ≥ n
m ≥ (n − 1) / 3
```

ಹದಿನಾರು ಇನ್‌ಪುಟ್ಟಿನ ಆಂಡ್ ಬೇಕೆಂದರೆ 15ನ್ನು 3ರಿಂದ ಭಾಗಿಸಿ, ಕನಿಷ್ಠ 5. ನಾಲ್ಕು ಲಟ್‌ಗಳಿಗೆ ನಾಲ್ಕು ನಾಲ್ಕು ಇನ್‌ಪುಟ್ ಕೊಟ್ಟು, ಅವುಗಳ ಉತ್ತರಗಳನ್ನು ಐದನೆಯದಕ್ಕೆ ಕೊಟ್ಟರೆ ಕೆಲಸ ಮುಗಿಯಿತು. ಐದಕ್ಕೆ ಐದೇ. ಹದಿನಾರು ಇನ್‌ಪುಟ್ಟಿನ ಎಕ್ಸ್‌ಆರ್‌ಗೂ ಇದೇ ಲೆಕ್ಕ. ಇಂಥ ಫಂಕ್ಷನ್ನುಗಳಲ್ಲಿ ಪ್ರತಿ ಗುಂಪೂ ತನ್ನ ಪಾಲಿನ ಕೆಲಸವನ್ನು ಒಂದೇ ಬಿಟ್‌ಗೆ ಇಳಿಸಿ ಮುಂದಕ್ಕೆ ದಾಟಿಸಬಲ್ಲದು, ಹಾಗಾಗಿ ಕೆಳಮಿತಿ ಕೈಗೆ ಸಿಗುತ್ತದೆ.

ನಮ್ಮ ಬಹುಮತಕ್ಕೆ n ಐದು. ನಾಲ್ಕನ್ನು ಮೂರರಿಂದ ಭಾಗಿಸಿದರೆ ಒಂದು ಚಿಲ್ಲರೆ, ಪೂರ್ಣಾಂಕಕ್ಕೆ ಏರಿಸಿದರೆ 2. ಮಲ್ಟಿಪ್ಲೆಕ್ಸರಿಗೆ n ಆರು, ಅದಕ್ಕೂ 2. ಸೂತ್ರ ಇಬ್ಬರಿಗೂ ಒಂದೇ ಗೆರೆ ಎಳೆದಿದೆ. ಅದನ್ನು ಮುಟ್ಟಲು ಆಗುತ್ತದೆಯೋ ಇಲ್ಲವೋ ಎಂಬುದನ್ನು ಮಾತ್ರ ಸೂತ್ರ ಹೇಳುವುದಿಲ್ಲ. ಅದನ್ನು ಫಂಕ್ಷನ್ನಿನ ಒಳಗಿಳಿದೇ ನೋಡಬೇಕು.

ಬಹುಮತ: ಹದಿಮೂರರಿಂದ ಮೂರಕ್ಕೆ

ಐದು ಮತಗಳಿಗೆ a, b, c, d, e ಎಂದು ಹೆಸರಿಡೋಣ. ಪಠ್ಯಪುಸ್ತಕದ ದಾರಿಯಲ್ಲಿ ಹೋದರೆ, ಐದರಲ್ಲಿ ಮೂರನ್ನು ಆರಿಸುವ ಎಲ್ಲ ರೀತಿಗಳನ್ನೂ ಬರೆಯುತ್ತೇವೆ: abc, abd, abe ಹೀಗೆ ಒಟ್ಟು ಹತ್ತು ಪದಗಳು. ಯಾವುದಾದರೂ ಒಂದು ಪದ ನಿಜವಾದರೆ ಬಹುಮತ ಇದೆ. ಪದಕ್ಕೊಂದರಂತೆ ಹತ್ತು ಲಟ್ ಬೇಕು. ಆ ಹತ್ತು ಉತ್ತರಗಳನ್ನು ಆರ್ ಮಾಡಲು, ಮೇಲಿನ ಸೂತ್ರದಂತೆ, ಇನ್ನೂ ಮೂರು. ಒಟ್ಟು ಹದಿಮೂರು ಲಟ್, ಒಂದರ ಹಿಂದೊಂದು ಮೂರು ಹಂತ. ಸಮೀಕರಣ ಸರಿಯಾಗಿಯೇ ಇದೆ. ಆದರೆ ನಾಲ್ಕು ಇನ್‌ಪುಟ್ ಹಿಡಿಯುವ ಲಟ್‌ಗೆ ಮೂರನ್ನೇ ಕೊಟ್ಟಿದ್ದೇವೆ, ಮತ್ತು ಹದಿನಾರು ಮನೆಗಳ ಕೋಷ್ಟಕವನ್ನು ಬರಿಯ ಆಂಡ್ ಗೇಟಿನಂತೆ ದುಡಿಸಿದ್ದೇವೆ.

ಇನ್ನೊಂದು ದಾರಿ ಹಿಡಿಯೋಣ. e ಎಂಬ ಮತವನ್ನು ಪಕ್ಕಕ್ಕಿಟ್ಟು ಎರಡು ಸಂದರ್ಭಗಳನ್ನು ಬೇರೆ ಬೇರೆಯಾಗಿ ನೋಡೋಣ. e ‘ಹೌದು’ ಎಂದಿದ್ದರೆ ಉಳಿದ ನಾಲ್ವರಲ್ಲಿ ಇಬ್ಬರು ಸಾಕು. e ‘ಇಲ್ಲ’ ಎಂದಿದ್ದರೆ ಮೂವರು ಬೇಕು. ‘ನಾಲ್ವರಲ್ಲಿ ಕನಿಷ್ಠ ಇಬ್ಬರು’ ಎಂಬುದು ನಾಲ್ಕು ಇನ್‌ಪುಟ್ಟಿನ ಫಂಕ್ಷನ್, ಆದ್ದರಿಂದ ಒಂದು ಲಟ್. ಅದಕ್ಕೆ t2 ಎನ್ನೋಣ. ‘ನಾಲ್ವರಲ್ಲಿ ಕನಿಷ್ಠ ಮೂವರು’ ಎಂಬುದಕ್ಕೂ ಒಂದೇ ಲಟ್, ಅದು t3. ಇವೆರಡನ್ನೂ e ಜೊತೆ ಸೇರಿಸುವ ಮೂರನೆಯ ಲಟ್‌ಗೆ ಮೂರೇ ಇನ್‌ಪುಟ್. ಒಂದು ಕಾಲು ಖಾಲಿ ಉಳಿಯುತ್ತದೆ.

```
f = t3 + e · t2
```

ಮೂರು ಲಟ್, ಎರಡು ಹಂತ. ಒಂದು ಇನ್‌ಪುಟ್ಟನ್ನು ಪಕ್ಕಕ್ಕಿಟ್ಟು ಫಂಕ್ಷನ್ನನ್ನು ಎರಡಾಗಿ ಸೀಳುವ ಈ ವಿಧಾನ ಜಾರ್ಜ್ ಬೂಲ್ 1854ರಲ್ಲಿ ಬರೆದ ಪುಸ್ತಕದಲ್ಲೇ ಇದೆ. ಸ್ವಿಚ್ಚುಗಳ ಸರ್ಕ್ಯೂಟಿಗೆ ಬೂಲನ ಬೀಜಗಣಿತವನ್ನು ತಂದ ಕ್ಲಾಡ್ ಶ್ಯಾನನ್ ಹೆಸರಿನಲ್ಲಿ ಎಂಜಿನಿಯರುಗಳು ಇದನ್ನು ಶ್ಯಾನನ್ ವಿಸ್ತರಣೆ ಎನ್ನುತ್ತಾರೆ. ಇದು ಬಹುಮತಕ್ಕೆ ಮಾತ್ರ ಸೀಮಿತವಲ್ಲ. ಐದು ಇನ್‌ಪುಟ್ಟಿನ ಯಾವುದೇ ಫಂಕ್ಷನ್ನನ್ನು ಹೀಗೆ ಸೀಳಿದರೆ ನಾಲ್ಕು ಇನ್‌ಪುಟ್ಟಿನ ಎರಡು ಭಾಗಗಳು ಸಿಗುತ್ತವೆ. ಅವುಗಳಲ್ಲಿ ಒಂದನ್ನು ಆರಿಸಲು ಮತ್ತೊಂದು ಲಟ್. ಹಾಗಾಗಿ ಐದು ಇನ್‌ಪುಟ್ಟಿನ ಯಾವ ಫಂಕ್ಷನ್ನಿಗೂ ಮೂರಕ್ಕಿಂತ ಹೆಚ್ಚು ಲಟ್ ಬೇಕಾಗುವುದಿಲ್ಲ.

ಲಟ್‌ಗಳಿಗೆ ಏನು ತುಂಬಬೇಕು ಎಂಬುದನ್ನೂ ನೋಡಿಬಿಡೋಣ. ಮನೆಗಳಿಗೆ 0ರಿಂದ 15ರವರೆಗೆ ಸಂಖ್ಯೆ ಕೊಡಿ. t2 ಕೋಷ್ಟಕದಲ್ಲಿ, ಮನೆಯ ಸಂಖ್ಯೆಯನ್ನು ದ್ವಿಮಾನದಲ್ಲಿ ಬರೆದಾಗ ಎರಡು ಅಥವಾ ಹೆಚ್ಚು ಒಂದುಗಳು ಕಂಡರೆ ಅಲ್ಲಿ 1 ಬರೆಯಿರಿ, ಇಲ್ಲದಿದ್ದರೆ 0. ಉದಾಹರಣೆಗೆ 6ನೆಯ ಮನೆಯ ದ್ವಿಮಾನ ರೂಪ 0110. ಅದರಲ್ಲಿ ಎರಡು ಒಂದುಗಳಿವೆ, ಆದ್ದರಿಂದ ಅಲ್ಲಿ 1. 8ನೆಯ ಮನೆ 1000. ಒಂದೇ ಒಂದು ಇದೆ, ಆದ್ದರಿಂದ ಅಲ್ಲಿ 0. ಹದಿನೈದನೆಯ ಮನೆಯಿಂದ ಸೊನ್ನೆಯವರೆಗೆ ಸಾಲಾಗಿ ಓದಿ, ನಾಲ್ಕು ನಾಲ್ಕು ಬಿಟ್‌ಗಳನ್ನು ಒಂದೊಂದು ಹೆಕ್ಸ್ ಅಂಕಿಯಾಗಿ ಬರೆದರೆ ಸಿಗುವುದು ಹೀಗೆ:

```
t2 : FEE8
t3 : E880
f  : F8F8
```

ಕೊನೆಯ ಸಾಲಿನಲ್ಲಿ e ಮೊದಲ ಕಾಲಿಗೆ, t2 ಎರಡನೆಯದಕ್ಕೆ, t3 ಮೂರನೆಯದಕ್ಕೆ ಬರುತ್ತವೆ ಎಂದಿಟ್ಟುಕೊಂಡಿದೆ. ನಾಲ್ಕನೆಯ ಕಾಲು ಖಾಲಿಯಾದ್ದರಿಂದ F8 ಎರಡು ಸಲ ಬಂದಿದೆ. ಹತ್ತು ಪದಗಳ ಸಮೀಕರಣ ಚಿಪ್ಪಿನೊಳಗೆ ಹೋಗುವಾಗ ಉಳಿಯುವುದು ಈ ಮೂರು ಸಂಖ್ಯೆ ಮಾತ್ರ.

ಎರಡಕ್ಕೆ ಇಳಿಸಲು ಏಕೆ ಆಗದು

ಸೂತ್ರ 2 ಎಂದಿತ್ತು. ಇನ್ನೂ ಸ್ವಲ್ಪ ಜಾಣತನ ತೋರಿದರೆ ಒಂದು ಲಟ್ ಉಳಿಸಬಹುದೇ? ಪ್ರಯತ್ನಿಸಿ ಸೋತೆವು ಎಂದರೆ ಅದು ಉತ್ತರವಾಗದು. ಸಾಧ್ಯವೇ ಇಲ್ಲ ಎಂದು ತೋರಿಸಬೇಕು. ತೋರಿಸಬಹುದು ಕೂಡ, ಅದಕ್ಕೆ ದೊಡ್ಡ ಗಣಿತವೇನೂ ಬೇಡ.

ಎರಡೇ ಲಟ್ ಇವೆ ಎಂದುಕೊಳ್ಳಿ. ಮೊದಲನೆಯದು ನಾಲ್ಕು ಮತಗಳನ್ನು ನೋಡುತ್ತದೆ, a, b, c, d ಎನ್ನೋಣ. ನೋಡಿ g ಎಂಬ ಒಂದೇ ತಂತಿಯಲ್ಲಿ ಸುದ್ದಿ ಕಳಿಸುತ್ತದೆ. ಎರಡನೆಯ ಲಟ್‌ನ ಒಂದು ಕಾಲು g ತಂತಿಗೆ, ಇನ್ನೊಂದು e ಮತಕ್ಕೆ. ಉಳಿದಿರುವುದು ಎರಡು ಕಾಲು. ಅವನ್ನು ಸುಮ್ಮನೆ ಬಿಡದೆ c ಮತ್ತು d ಮತಗಳನ್ನು ನೇರವಾಗಿ ಅಲ್ಲಿಗೂ ಕೊಡೋಣ. ಇದಕ್ಕಿಂತ ಉದಾರವಾದ ಜೋಡಣೆ ಎರಡು ಲಟ್‌ಗಳಲ್ಲಿ ಇಲ್ಲ. ಬಹುಮತಕ್ಕೆ ಐದೂ ಮತಗಳು ಸಮಾನ, ಆದ್ದರಿಂದ ಹೆಸರುಗಳನ್ನು ಅದಲುಬದಲು ಮಾಡಿದರೂ ಮಾತು ಬದಲಾಗದು.

ಈಗ c ‘ಹೌದು’, d ‘ಇಲ್ಲ’ ಎಂದಿರಲಿ. ಒಂದು ಮತ ಆಗಲೇ ಬಿದ್ದಿದೆ. a ಮತ್ತು b ಇಬ್ಬರೂ ‘ಇಲ್ಲ’ ಎಂದರೆ, e ಏನೇ ಹೇಳಿದರೂ ಮೂರು ಆಗುವುದಿಲ್ಲ, ಉತ್ತರ 0. ಇಬ್ಬರಲ್ಲಿ ಒಬ್ಬರು ಮಾತ್ರ ‘ಹೌದು’ ಎಂದರೆ ಒಟ್ಟು ಎರಡಾಯಿತು. ತೀರ್ಮಾನ ಪೂರ್ತಿ e ಕೈಯಲ್ಲಿ. ಇಬ್ಬರೂ ‘ಹೌದು’ ಎಂದರೆ ಮೂರು ಆಗಿಯೇ ಹೋಯಿತು, ಉತ್ತರ 1.

a, b ಮತಗಳ ಬಗ್ಗೆ ಎರಡನೆಯ ಲಟ್‌ಗೆ ತಲುಪಬೇಕಾದ ಸುದ್ದಿ ಹೀಗೆ ಮೂರು ಬಗೆಯದು: ‘ಸೋತಿತು’, ‘e ನೋಡಿ ಹೇಳು’, ‘ಗೆದ್ದಿತು’. g ತಂತಿ ಹೇಳಬಲ್ಲದ್ದು ಎರಡೇ ಮಾತು, 0 ಅಥವಾ 1. ಮೂರರಲ್ಲಿ ಎರಡು ಸುದ್ದಿಗಳಿಗೆ ಒಂದೇ ಮಾತು ಹೇಳಲೇಬೇಕಾಗುತ್ತದೆ. ಆಗ ಎರಡನೆಯ ಲಟ್‌ಗೆ ಆ ಎರಡು ಸಂದರ್ಭಗಳು ಬೇರೆ ಎಂದು ತಿಳಿಯುವ ದಾರಿಯೇ ಇಲ್ಲ. ‘ಸೋತಿತು’ ಮತ್ತು ‘e ನೋಡಿ ಹೇಳು’ ಒಂದಾಗಿಬಿಟ್ಟರೆ e ‘ಹೌದು’ ಎಂದ ದಿನ ಒಂದರಲ್ಲಿ ತಪ್ಪು ಉತ್ತರ ಬರುತ್ತದೆ. ‘e ನೋಡಿ ಹೇಳು’ ಮತ್ತು ‘ಗೆದ್ದಿತು’ ಒಂದಾದರೆ e ‘ಇಲ್ಲ’ ಎಂದ ದಿನ ತಪ್ಪು. ‘ಸೋತಿತು’, ‘ಗೆದ್ದಿತು’ ಒಂದಾದರಂತೂ ಯಾವ ದಿನವೂ ಸರಿಯಾಗದು. ಎರಡು ಲಟ್‌ಗಳಲ್ಲಿ ಬಹುಮತ ಆಗದು ಎಂಬುದಕ್ಕೆ ಪೂರ್ತಿ ಪುರಾವೆ ಇಷ್ಟೇ.

ಹೀಗೆ ಒಂದು ಗುಂಪಿನ ಇನ್‌ಪುಟ್ಟುಗಳಿಂದ ಎಷ್ಟು ಬಗೆಯ ಸುದ್ದಿ ದಾಟಬೇಕು ಎಂದು ಎಣಿಸಿ ಫಂಕ್ಷನ್ನನ್ನು ಒಡೆಯುವ ಕ್ರಮವನ್ನು 1950ರ ದಶಕದಲ್ಲಿ ರಾಬರ್ಟ್ ಆಶೆನ್‌ಹರ್ಸ್ಟ್ ಅಚ್ಚುಕಟ್ಟಾಗಿ ರೂಪಿಸಿದರು. ಆಗ ಎಫ್‌ಪಿಜಿಎ ಇರಲೇ ಇಲ್ಲ. ಸುದ್ದಿ ಎರಡು ಬಗೆಯಾದರೆ ಒಂದು ತಂತಿ ಸಾಕು. ಮೂರು ಅಥವಾ ನಾಲ್ಕಾದರೆ ಎರಡು ತಂತಿ ಬೇಕು, ಎರಡು ತಂತಿಗೆ ಎರಡು ಲಟ್ ಬೇಕು. ನಮ್ಮ ಮೂರು ಲಟ್‌ಗಳ ಜೋಡಣೆಯಲ್ಲಿ t2, t3 ಎಂಬ ಎರಡು ತಂತಿಗಳು ಈ ಮೂರು ಸುದ್ದಿಗಳನ್ನೇ ಹೊರುತ್ತಿವೆ: ಎರಡೂ 0 ಎಂದರೆ ಸೋಲು, t2 ಮಾತ್ರ 1 ಎಂದರೆ e ತೀರ್ಮಾನ, ಎರಡೂ 1 ಎಂದರೆ ಗೆಲುವು.

ಮಲ್ಟಿಪ್ಲೆಕ್ಸರ್: ಒಂದೇ ತಂತಿಗೆ ಎರಡು ಕೆಲಸ

ಈಗ ಆರು ಇನ್‌ಪುಟ್ಟಿನದು. ನಾಲ್ಕು ಸಂಕೇತಗಳು d0, d1, d2, d3. ಆರಿಸುವ ತಂತಿಗಳು s1, s0. ಇವೆರಡೂ ಸೇರಿ 00 ಎಂದರೆ d0 ಹೊರಬರಬೇಕು, 01 ಎಂದರೆ d1, 10 ಎಂದರೆ d2, 11 ಎಂದರೆ d3.

ಎಲ್ಲರಿಗೂ ಮೊದಲು ಹೊಳೆಯುವುದು ಪಂದ್ಯಾವಳಿಯ ಕ್ರಮ. s0 ನೋಡಿ d0, d1 ಜೋಡಿಯಲ್ಲಿ ಒಂದನ್ನು ಒಂದು ಲಟ್ ಆರಿಸುತ್ತದೆ. d2, d3 ಜೋಡಿಯಲ್ಲಿ ಒಂದನ್ನು ಇನ್ನೊಂದು ಲಟ್ ಆರಿಸುತ್ತದೆ. s1 ನೋಡಿ ಆ ಎರಡರಲ್ಲಿ ಒಂದನ್ನು ಮೂರನೆಯದು ಆರಿಸುತ್ತದೆ. ಮೂರು ಲಟ್. ಪ್ರತಿಯೊಂದರಲ್ಲೂ ಒಂದು ಕಾಲು ಖಾಲಿ. ಖಾಲಿ ಕಾಲು ಕಂಡಾಗ ಇನ್ನೂ ಇಳಿಸಲು ಜಾಗವಿದೆಯೇ ಎಂದು ಕೇಳಿಕೊಳ್ಳಬೇಕು.

ಎರಡು ಲಟ್‌ಗಳಿಗೆ ಎಂಟು ಕಾಲು. g ತಂತಿಗೆ ಒಂದು ಹೋದರೆ ಏಳು. ಆರು ಇನ್‌ಪುಟ್ ಕೂತ ಮೇಲೆ ಒಂದು ಕಾಲು ಉಳಿಯುತ್ತದೆ. ಅಂದರೆ ಯಾವುದಾದರೂ ಒಂದು ಇನ್‌ಪುಟ್ಟನ್ನು ಎರಡೂ ಲಟ್‌ಗಳಿಗೆ ಕೊಡಬಹುದು. ಅದು s1 ಆಗಿರಲಿ. ಮೊದಲ ಲಟ್‌ಗೆ d0, d1, s0, s1. ಎರಡನೆಯದಕ್ಕೆ d2, d3, g, s1.

ಎರಡನೆಯ ಲಟ್‌ಗೆ ಆಚೆಯಿಂದ ಯಾವ ಸುದ್ದಿ ಬೇಕು ಎಂದು ಈಗ ಕೇಳೋಣ. s1 ಸೊನ್ನೆಯಾಗಿದ್ದಾಗ d2, d3 ಯಾರಿಗೂ ಬೇಡ. d0, d1 ಜೋಡಿಯಲ್ಲಿ ಗೆದ್ದದ್ದು ಯಾವುದೋ ಅದರ ಬೆಲೆ ತಿಳಿದರೆ ಸಾಕು. ಅದು ಒಂದು ಬಿಟ್. s1 ಒಂದಾಗಿದ್ದಾಗ d0, d1 ಯಾರಿಗೂ ಬೇಡ. d2 ಬೇಕೋ d3 ಬೇಕೋ ಎಂದು ತಿಳಿಯಲು s0 ಬೇಕು. ಅದೂ ಒಂದೇ ಬಿಟ್. ಎರಡು ಸುದ್ದಿಗಳೂ ಒಂದೇ ಹೊತ್ತಿನಲ್ಲಿ ಬೇಕಾಗುವುದಿಲ್ಲ, ಆದ್ದರಿಂದ ಒಂದೇ ತಂತಿ ಎರಡನ್ನೂ ಸರದಿಯಂತೆ ಹೊರಬಹುದು:

```verilog
assign g = s1 ? s0 : (s0 ? d1 : d0);
assign f = s1 ? (g ? d3 : d2) : g;
```

s1 ಸೊನ್ನೆಯಾದಾಗ g ಎಂದರೆ ದತ್ತಾಂಶ, ಎರಡನೆಯ ಲಟ್ ಅದನ್ನು ಹಾಗೆಯೇ ಹೊರಗೆ ಬಿಡುತ್ತದೆ. s1 ಒಂದಾದಾಗ g ಎಂದರೆ ವಿಳಾಸ, ಎರಡನೆಯ ಲಟ್ ಅದನ್ನು ನೋಡಿ d2 ಅಥವಾ d3 ಆರಿಸುತ್ತದೆ. s1 ಎರಡೂ ಕಡೆ ಇರುವುದರಿಂದಲೇ ಇದು ನಡೆಯುತ್ತದೆ. ಅದನ್ನು ಮೊದಲ ಲಟ್‌ಗೆ ಮಾತ್ರ ಕೊಟ್ಟಿದ್ದರೆ, ಬಂದ ಬಿಟ್ ದತ್ತಾಂಶವೋ ವಿಳಾಸವೋ ಎಂದು ಎರಡನೆಯದಕ್ಕೆ ಗೊತ್ತಾಗುತ್ತಿರಲಿಲ್ಲ. ಕೋಷ್ಟಕಗಳನ್ನು ತುಂಬಿದರೆ g ಲಟ್‌ಗೆ `F0CA`, f ಲಟ್‌ಗೆ `CAF0`. ಹಂತಗಳು ಪಂದ್ಯಾವಳಿ ಕ್ರಮದಲ್ಲಿದ್ದಷ್ಟೇ, ಎರಡು. ವೇಗ ಬಿಟ್ಟುಕೊಡದೆ ಒಂದು ಲಟ್ ಉಳಿಯಿತು.

ಈ ಉಳಿತಾಯ ಮತ್ತೊಂದು ಕಡೆಯೂ ಕೈಹಿಡಿಯುತ್ತದೆ. ಆರು ಇನ್‌ಪುಟ್ಟಿನ ಯಾವುದೇ ಫಂಕ್ಷನ್ನನ್ನು ಎರಡು ಸಲ ಸೀಳಿದರೆ ನಾಲ್ಕು ಇನ್‌ಪುಟ್ಟಿನ ನಾಲ್ಕು ತುಂಡುಗಳು ಸಿಗುತ್ತವೆ. ಅವುಗಳಲ್ಲಿ ಒಂದನ್ನು ಆರಿಸಲು ಈ ಮಲ್ಟಿಪ್ಲೆಕ್ಸರೇ ಬೇಕು. ನಾಲ್ಕು ಕೂಡಿಸು ಎರಡು, ಒಟ್ಟು ಆರು ಲಟ್. ಪಂದ್ಯಾವಳಿ ಕ್ರಮದಲ್ಲಿ ಹೋಗಿದ್ದರೆ ಏಳು ಆಗುತ್ತಿತ್ತು.

ಸಾಫ್ಟ್‌ವೇರ್ ಏನು ನೋಡುತ್ತದೆ, ಏನು ನೋಡುವುದಿಲ್ಲ

ಸಾವಿರಾರು ಲಟ್‌ಗಳ ವಿನ್ಯಾಸದಲ್ಲಿ ಯಾರೂ ಇದನ್ನು ಕೈಯಲ್ಲಿ ಮಾಡುವುದಿಲ್ಲ. ವೆರಿಲಾಗ್ ಅಥವಾ ವಿಎಚ್‌ಡಿಎಲ್ ಭಾಷೆಯಲ್ಲಿ ಬರೆದದ್ದನ್ನು ಸಿಂಥೆಸಿಸ್ ಸಾಫ್ಟ್‌ವೇರ್ ಮೊದಲು ಎರಡೆರಡು ಇನ್‌ಪುಟ್ಟಿನ ಗೇಟುಗಳ ಜಾಲವಾಗಿ ಬಿಡಿಸಿಕೊಳ್ಳುತ್ತದೆ. ಆಮೇಲೆ ಆ ಜಾಲದ ಮೇಲೆ ಆವರಣಗಳನ್ನು ಎಳೆಯುತ್ತದೆ. ಒಂದು ಆವರಣದೊಳಗೆ ಎಷ್ಟು ಗೇಟು ಇದ್ದರೂ ಅಡ್ಡಿಯಿಲ್ಲ. ಒಳಗೆ ಬರುವ ತಂತಿಗಳು ನಾಲ್ಕನ್ನು ಮೀರಬಾರದು, ಹೊರಗೆ ಹೋಗುವುದು ಒಂದೇ ಇರಬೇಕು. ಪ್ರತಿ ಆವರಣವೂ ಒಂದು ಲಟ್. ಕೊಟ್ಟ ಜಾಲವನ್ನು ಅತಿ ಕಡಿಮೆ ಹಂತಗಳಲ್ಲಿ ಹೀಗೆ ಮುಚ್ಚುವ ವಿಧಾನವನ್ನು ಜೇಸನ್ ಕಾಂಗ್ ಮತ್ತು ಯೂಜೆಂಗ್ ಡಿಂಗ್ 1994ರಲ್ಲಿ ಫ್ಲೋಮ್ಯಾಪ್ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಹಂತಗಳನ್ನು ಕನಿಷ್ಠಕ್ಕೆ ಇಳಿಸುವ ಪ್ರಶ್ನೆಗೆ ವೇಗವಾದ ಉತ್ತರವಿದೆ. ಲಟ್‌ಗಳ ಸಂಖ್ಯೆಯನ್ನು ಕನಿಷ್ಠಕ್ಕೆ ಇಳಿಸುವುದು ಅಷ್ಟು ಸುಲಭವಲ್ಲ. ದೊಡ್ಡ ಜಾಲಗಳಲ್ಲಿ ಸಾಫ್ಟ್‌ವೇರ್ ಅಂದಾಜಿನ ಉಪಾಯಗಳಿಂದಲೇ ಕೆಲಸ ಸಾಗಿಸುತ್ತದೆ.

‘ಕೊಟ್ಟ ಜಾಲ’ ಎಂಬ ಮಾತಿನಲ್ಲೇ ಒಂದು ಮಿತಿ ಅಡಗಿದೆ. ಆವರಣ ಎಳೆಯಲು ಆಗುವುದು ಜಾಲದಲ್ಲಿ ಇರುವ ತಂತಿಗಳ ನಡುವೆ ಮಾತ್ರ. ಮಲ್ಟಿಪ್ಲೆಕ್ಸರನ್ನು ಪಂದ್ಯಾವಳಿಯಂತೆ ಬಿಡಿಸಿದ ಜಾಲದಲ್ಲಿ, ದತ್ತಾಂಶವನ್ನೂ ವಿಳಾಸವನ್ನೂ ಸರದಿಯಲ್ಲಿ ಹೊರುವ g ತಂತಿ ಎಲ್ಲಿಯೂ ಇಲ್ಲ. ಆ ಜಾಲವನ್ನು ಹೇಗೆ ಮುಚ್ಚಿದರೂ ಮೂರು ಆವರಣ ಬೇಕಾಗುತ್ತದೆ. ಎರಡಕ್ಕೆ ಇಳಿಯಬೇಕಾದರೆ ಸಾಫ್ಟ್‌ವೇರ್ ಜಾಲವನ್ನೇ ಹೊಸದಾಗಿ ಕಟ್ಟಬೇಕು, ಇಲ್ಲವೇ ಬರೆಯುವವರು g ಇರುವಂತೆ ಬರೆದುಕೊಡಬೇಕು.

ಬಹುಮತದಲ್ಲಿ ಇನ್ನೊಂದು ಬಗೆಯ ಎಡವಟ್ಟು ಆಗಬಹುದು. ಓದಲು ಚೆಂದ ಎಂದು ಅನೇಕರು ಅದನ್ನು ಹೀಗೆ ಬರೆಯುತ್ತಾರೆ:

```verilog
module maj5(input a, b, c, d, e, output f);
  assign f = (a + b + c + d + e) >= 3;
endmodule
```

ಅರ್ಥದಲ್ಲಿ ತಪ್ಪಿಲ್ಲ. ಆದರೆ ಕೂಡಿಸುವ ಚಿಹ್ನೆ ಕಂಡ ಸಾಫ್ಟ್‌ವೇರ್ ಮೊದಲು ಸಂಕಲನದ ಸರ್ಕ್ಯೂಟುಗಳನ್ನು ಕಟ್ಟಿ, ಆಮೇಲೆ ಹೋಲಿಕೆಯ ಸರ್ಕ್ಯೂಟನ್ನು ಅದಕ್ಕೆ ಸೇರಿಸಬಹುದು. ಆ ರಚನೆ ಕೊನೆಯವರೆಗೂ ಉಳಿದುಬಿಟ್ಟರೆ ಮೂರಕ್ಕಿಂತ ಹೆಚ್ಚು ಲಟ್ ಹೋಗುತ್ತವೆ. ಹಾಗಾಗಿದೆಯೇ ಎಂದು ನೋಡುವುದು ಕಷ್ಟವಲ್ಲ. ಐಸ್40 ಚಿಪ್ಪಿಗೆ ಯೋಸಿಸ್ ಎಂಬ ಮುಕ್ತ ತಂತ್ರಾಂಶ ಇದೆ:

```
yosys -p "read_verilog maj5.v; synth_ice40 -top maj5; stat"
```

ಕೊನೆಯಲ್ಲಿ ಬರುವ ಪಟ್ಟಿಯಲ್ಲಿ `SB_LUT4` ಎದುರಿಗಿರುವ ಸಂಖ್ಯೆಯೇ ಲಟ್‌ಗಳ ಎಣಿಕೆ. `SB_CARRY` ಎಂಬ ಸಾಲೂ ಕಂಡರೆ ಸಾಫ್ಟ್‌ವೇರ್ ಸಂಕಲನದ ದಾರಿ ಹಿಡಿದಿದೆ ಎಂದರ್ಥ. ಆಗ t2, t3 ಎಂದು ಬಿಡಿಸಿ ಬರೆದು ಮತ್ತೆ ಓಡಿಸಿ ನೋಡಬೇಕು. ಅದಕ್ಕೂ ಸಾಫ್ಟ್‌ವೇರ್ ಬಗ್ಗದಿದ್ದರೆ `SB_LUT4` ಘಟಕಗಳನ್ನೇ ನೇರವಾಗಿ ಕರೆದು, ಅವುಗಳ `LUT_INIT` ಜಾಗದಲ್ಲಿ ಮೇಲೆ ಕಂಡ ಹೆಕ್ಸ್ ಸಂಖ್ಯೆಗಳನ್ನು ಬರೆಯಬಹುದು.

ಒಂದೆರಡು ಲಟ್‌ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳಬಹುದು. ಇಂಥ ಸರ್ಕ್ಯೂಟುಗಳು ಒಂಟಿಯಾಗಿ ಬರುವುದು ಅಪರೂಪ. 32 ಬಿಟ್‌ಗಳ ಉತ್ತರವನ್ನು ಮತಕ್ಕೆ ಹಾಕಬೇಕೆಂದರೆ ಬಿಟ್‌ಗೊಂದರಂತೆ 32 ಬಹುಮತಗಳು ಬೇಕು. ಹತ್ತು ಪದಗಳ ಸಮೀಕರಣದಂತೆ ಕಟ್ಟಿದರೆ 416 ಲಟ್, ಅಂದರೆ ಎಚ್‌ಎಕ್ಸ್1ಕೆ ಚಿಪ್ಪಿನ ಮೂರನೆಯ ಒಂದು ಭಾಗ ಮತ ಎಣಿಸುವುದಕ್ಕೇ ಹೋಯಿತು. ಮೂರರಂತೆ ಕಟ್ಟಿದರೆ 96. ಮಲ್ಟಿಪ್ಲೆಕ್ಸರಿನಲ್ಲೂ 32 ಬಿಟ್‌ಗಳಿಗೆ 96 ಇದ್ದದ್ದು 64ಕ್ಕೆ ಇಳಿಯುತ್ತದೆ.

ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಸಾಫ್ಟ್‌ವೇರ್ ಬಹುಮತಕ್ಕೆ ನಾಲ್ಕು ಲಟ್ ಎಂದು ತೋರಿಸಿದರೆ ಅದನ್ನು ಒಪ್ಪಿಕೊಳ್ಳಬೇಕಿಲ್ಲ, ಮೂರರಲ್ಲಿ ಆಗುವ ಜೋಡಣೆ ನಮ್ಮ ಕೈಯಲ್ಲಿದೆ. ಮೂರು ಎಂದು ತೋರಿಸಿದರೆ ಎರಡಕ್ಕೆ ಇಳಿಸಲು ಹಗಲುರಾತ್ರಿ ಒದ್ದಾಡಬೇಕಿಲ್ಲ, ಮೂರು ಬಗೆಯ ಸುದ್ದಿ ಒಂದು ತಂತಿಯಲ್ಲಿ ದಾಟದು ಎಂದು ತಿಳಿದಿದೆ. ಮಲ್ಟಿಪ್ಲೆಕ್ಸರಿಗೆ ಮೂರು ಎಂದು ಬಂದರೆ ಮಾತ್ರ ಮತ್ತೆ ಕೂರಬೇಕು, ಅಲ್ಲಿ ಒಂದು ಲಟ್ ಇನ್ನೂ ಉಳಿಯುವುದಿದೆ.